ಸೊರಟೂರಿನ ಗೆಳತಿಗೆ ಕಲಿಸಿದ ಸೂತ್ರ

ಗದಗಿನ ಕಾಲೇಜಿನಲ್ಲಿ ಬಿ.ಎಸ್ಸಿ. ಓದುವಾಗ ನಾನು ಬೆಟಗೇರಿಯಿಂದ ಬರುತ್ತಿದ್ದೆ, ನನ್ನ ಗೆಳತಿ ಸೊರಟೂರಿನಿಂದ ಬಸ್ಸಿನಲ್ಲಿ. ಎರಡು ವರ್ಷ ಒಂದೇ ಬೆಂಚು, ಒಂದೇ ಬುತ್ತಿ.

ಗಣಿತದಲ್ಲಿ ಒಟ್ಟು ಎಪ್ಪತ್ತು ಬಂದವರಿಗೆ ಮಾತ್ರ ಮುಂದೆ ಅದನ್ನೇ ಮುಖ್ಯ ವಿಷಯವಾಗಿ ಓದುವ ಅವಕಾಶವಿತ್ತು. ಆಂತರಿಕ ಪರೀಕ್ಷೆಗಳಲ್ಲಿ ನನಗೆ ನೂರಕ್ಕೆ ಎಂಬತ್ತು, ಅವಳಿಗೆ ಅರವತ್ತು. ಆದರೆ ಒಟ್ಟು ಅಂಕದಲ್ಲಿ ಅಂತಿಮ ಪರೀಕ್ಷೆಯ ಪಾಲು, ಅಂದರೆ ವೇಟೇಜ್, ಶೇಕಡಾ ನಲವತ್ತೋ ಅರವತ್ತೋ ಎಂಬುದನ್ನು ಗಣಿತದ ಸರ್ ಇನ್ನೂ ನಿರ್ಧರಿಸಿರಲಿಲ್ಲ.

"ಎಷ್ಟ ತಗೀಬೇಕು ಅನ್ನೂದ ತಿಳೀವಲ್ದು" ಎಂದು ಅವಳು ಅಳುವ ಹಾಗಾದಳು.

"ವೇಟೇಜ್ ಎಷ್ಟರ ಇರಲಿ, ಒಂದ ಸೂತ್ರ ಮಾಡೂಣು ತಡಿ" ಎಂದೆ.

ಊಟದ ಬಿಡುವಿನಲ್ಲಿ ಖಾಲಿ ತರಗತಿಯ ಹಲಗೆಯ ಮೇಲೆ ಬರೆದೆ. ವೇಟೇಜ್ ವ, ಆಂತರಿಕ ಅಂಕ ಆ, ಗುರಿ ಗ, ಅಂತಿಮದಲ್ಲಿ ಬೇಕಾದದ್ದು ಬ. ಒಟ್ಟು ಅಂಕವೆಂದರೆ (1 − ವ) × ಆ + ವ × ಬ. ಅದು ಗ ಆಗಬೇಕು. ಆಂತರಿಕದ ಪಾಲನ್ನು ಗುರಿಯಿಂದ ಕಳೆದು, ಉಳಿದದ್ದನ್ನು ವೇಟೇಜಿನಿಂದ ಭಾಗಿಸಿದೆ:

ಬ = (ಗ − (1 − ವ) × ಆ) ÷ ವ

ವ 0.4, ಅಂದರೆ ಶೇಕಡಾ ನಲವತ್ತು, ಆದರೆ ನನಗೆ 55 ಸಾಕು, ಅವಳಿಗೆ 85 ಬೇಕು. 0.6 ಆದರೆ ನನಗೆ 63ರ ಮೇಲೆ ಬೇಕು, ಅವಳಿಗೆ 77 ಸಾಕು.

"ಅಂದ್ರ ವೇಟೇಜ್ ಹೆಚ್ಚಾದ್ರ ನನಗ ಛಲೋ, ನಿನಗ ತ್ರಾಸು" ಎಂದಳು.

"ಹೌದು. ಆಂತರಿಕದಾಗ ಗುರಿಗಿಂತ ಮ್ಯಾಲ ಇದ್ದವರಿಗೆ ತ್ರಾಸು, ಕೆಳಗ ಇದ್ದವರಿಗೆ ಛಲೋ." ವಿಷಯ ಅವಳಿಗೆ ಹೊಳೆಯಿತಲ್ಲ ಎಂದು ಹಿಗ್ಗಿದೆ.

ಮುಂದಿನ ವಾರ ಅರವತ್ತು ಎಂದು ನೋಟಿಸು ಬಂತು. ಊಟದ ಬಿಡುವಿಗೆ ಮುಂಚೆ ಸರ್ ಎದುರಾದವರು, "ನೀವೆಲ್ಲಾ ಒಪ್ಪೀರಿ ಅಂತಲೇ ಮಾಡೀನಿ ನೋಡವಾ. ನಿನ್ನ ಗೆಳತಿ ಬಂದು ಅರವತ್ತ ಮಾಡ್ರಿ ಅಂತ ಕೇಳಿ, ನಿನ್ನ ಹೆಸರೂ ಹೇಳಿದ್ಲಲ್ಲ" ಎಂದರು. ಅವಳು ಸುಳ್ಳು ಹೇಳಿದ್ದಾಳೆ ಎಂದು ಅಲ್ಲೇ ಹೇಳಬಹುದಿತ್ತು. ಸಂಜೆಯೊಳಗೆ ಅವಳೇ ಬಂದು ಹೇಳುತ್ತಾಳೆ ಎಂದು ಕಾದೆ. ಅವಳು ಬುತ್ತಿ ಬಿಚ್ಚಿ, ಎಂದಿನಂತೆ ನನ್ನ ಪಾಲಿನ ರೊಟ್ಟಿ ಮುರಿದಿಟ್ಟಳು.

ನಾನು ಅಂತಿಮದಲ್ಲಿ 62 ತೆಗೆದೆ, ಒಟ್ಟು 69.2. ಅವಳು 77, ಒಟ್ಟು 70.2. ನಲವತ್ತರ ವೇಟೇಜ್ ಇದ್ದಿದ್ದರೆ ನನಗೆ 72.8, ಅವಳಿಗೆ 66.8 ಆಗುತ್ತಿತ್ತು.

ಫಲಿತಾಂಶ ಬಂದ ದಿನ ಬಸ್ ಸ್ಟ್ಯಾಂಡಿನಲ್ಲಿ ಅವಳನ್ನು ಹಿಡಿದು ಕೇಳಿದೆ: "ನನ್ನ ಹೆಸರು ಯಾಕ ಹೇಳಿದಿ?"

"ನೀ ಹುಷಾರಿ ಇದ್ದಿ, ಹೆಂಗರ ತಗೀತಿ ಅಂದ್ಕೊಂಡೆ" ಎಂದಳು. ಮತ್ತೆ ತಾನೇ, "ಖರೆ ಹೇಳಲಿ? ನಿನಗ ಹೇಳಿದ್ರ ನೀ ಒಪ್ಪತಿದ್ದಿಲ್ಲ" ಎಂದಳು.

ಅದು ಖರೆಯೇ. ಅದಕ್ಕೇ ನೋವು ಹೆಚ್ಚಾಯಿತು. ಅವಳ ಬಸ್ಸು ಹೋಗುವವರೆಗೂ ನಿಂತಿದ್ದೆ, ಕೈ ಬೀಸಲಿಲ್ಲ. ಮರುವರ್ಷ ನಾನು ಭೌತಶಾಸ್ತ್ರ ತೆಗೆದುಕೊಂಡು ಬೇರೆ ಬೆಂಚಿನಲ್ಲಿ ಕುಳಿತೆ.