ಮೊದಲ ಸಹಿ ಸಾಹುಕಾರರದು

ಗಜೇಂದ್ರಗಡದ ಹತ್ತಿ ಜಿನ್ನಿಂಗ್ ಕಂಪನಿಯ ಕಾರಭಾರ ನೆಟ್ಟಗಿಲ್ಲ ಎಂದು ಕೆಲವು ಷೇರುದಾರರು ನನ್ನ ಬಳಿ ಬಂದರು. ನಾನಾಗ ರೋಣದಲ್ಲಿ ಹೊಸ ವಕೀಲ; ಕಂಪನಿ ಕಾಯ್ದೆಯೂ ನನ್ನಷ್ಟೇ ಹೊಸದು.

“ಕಂಪನಿ ತನಿಖಿಗೆ ದಿಲ್ಲಿ ಸರ್ಕಾರ ಇನ್ಸ್‌ಪೆಕ್ಟರನ್ನ ನೇಮಿಸಬೇಕಂದ್ರ ಒಂದೋ ಇನ್ನೂರು ಮಂದಿ ಷೇರುದಾರರು ಕೇಳಬೇಕು, ಇಲ್ಲಾ ಒಟ್ಟು ಮತದಾಗ ಹತ್ತನೇ ಪಾಲು ಇದ್ದವರು ಕೇಳಬೇಕು. ಬರೇ ಸಿಟ್ಟು ಸಾಲೂದಿಲ್ರಿ, ಪುರಾವೆನೂ ಬೇಕು” ಎಂದೆ.

ಪುರಾವೆ ಇತ್ತು. ಮಂದಿ ಇನ್ನೂರಿರಲಿಲ್ಲ, ಮತದ ಪಾಲೂ ತುಸು ಕಡಿಮೆ ಬೀಳುತ್ತಿತ್ತು. ಇನ್ನಷ್ಟು ಷೇರುದಾರರ ಸಹಿ ತನ್ನಿರೆಂದು ಅರ್ಜಿ ಬರೆದುಕೊಟ್ಟೆ.

ಅದು ಮರಳಿ ಬಂದಾಗ ಎಲ್ಲಕ್ಕಿಂತ ಮೇಲೆ ಕಂಪನಿಯ ಡೈರೆಕ್ಟರ್ ಸಾಹುಕಾರರ ಸಹಿ. ದೂರು ಇದ್ದದ್ದೇ ಅವರ ಮೇಲೆ.

“ಊರಿನ ಯಾವ ಅರ್ಜಿಗೂ ಮೊದಲ ಸಹಿ ಅವರದ ಅಲ್ಲೇನ್ರಿ, ವಕೀಲರ. ಅವರನ್ನ ಬಿಟ್ಟು ಹ್ಯಾಂಗ ಮಾಡೂದು?” ಎಂದರು ಬಂದವರು.

“ಅವರು ಓದಿ ನೋಡಲಿಲ್ಲೇನು?”

“ಓದಿದ್ರ ನಮ್ಮ ಮ್ಯಾಲೆ ನಂಬಿಕಿ ಇಲ್ಲ ಅಂದಂಗ ಆಗತಿತ್ತಲ್ರಿ.”

ಡೈರೆಕ್ಟರೂ ಷೇರುದಾರರೇ. ಅವರ ಮತ ಕೂಡಿ ಹತ್ತನೇ ಪಾಲು ತುಂಬಿತು. ಸರ್ಕಾರ ಪುರಾವೆ ನೋಡಿ ಇನ್ಸ್‌ಪೆಕ್ಟರನ್ನು ನೇಮಿಸಿತು. ಊರಿಗೆ ಸಾಹೇಬರು ಬರುತ್ತಾರೆಂದರೆ ಸುಮ್ಮನಿರಲಾದೀತೆ? ಸಾಹುಕಾರರೇ ಬಸ್‌ ಸ್ಟ್ಯಾಂಡಿಗೆ ಹೋಗಿ ಮಾಲೆ ಹಾಕಿದರು.

ಇನ್ಸ್‌ಪೆಕ್ಟರರು ಅರ್ಜಿಯ ಮೊದಲ ಹೆಸರು ಓದಿ, “ಈ ದೂರುದಾರರು ಎಲ್ಲಿ ಸಿಗತಾರ್ರಿ?” ಎಂದು ಮಾಲೆ ಹಾಕಿದವರನ್ನೇ ಕೇಳಿದರು.