ತಡವಾಗಿ ಹೋದ ಉತ್ತರ

ಬ್ಯಾಂಕಿನ ಕಚೇರಿಯಲ್ಲಿ ಗ್ರಾಹಕರ ಪತ್ರಗಳಿಗೆ ಯಂತ್ರ ಉತ್ತರದ ಕರಡು ಬರೆಯುತ್ತಿತ್ತು, ಸಿಬ್ಬಂದಿ ಓದಿ, ತಿದ್ದಿ ಕಳಿಸುತ್ತಿದ್ದರು. ಅವರು ಕಳಿಸಿದ್ದನ್ನು ಪರಿಶೀಲಿಸುವುದು ಅಕ್ಕನ ಕೆಲಸ. ಇಡೀ ಕಚೇರಿಗೇ ಅವಳು ಅಕ್ಕ. ಯಂತ್ರದ ಆ ನಯವಾದ ಮಾತುಗಳು ಸದಾ ಅವಳ ತಲೆಯೊಳಗೆ ಮಂಜಿನಂತೆ ತೇಲುತ್ತಿದ್ದವು. ಕಾಫಿ ತಣ್ಣಗಿದೆ ಎಂದು ಗಂಡ ಗೊಣಗಿದರೂ, “ನಿಮಗಾದ ಅನನುಕೂಲಕ್ಕೆ ವಿಷಾದಿಸುತ್ತೇವೆ” ಎಂದುಬಿಡುತ್ತಿದ್ದಳು.

ಹೊಸಬಳೆಂದು ಒಬ್ಬ ಹುಡುಗಿಯ ಉತ್ತರಗಳನ್ನೆಲ್ಲ ಅಕ್ಕ ತಿಂಗಳುಗಟ್ಟಲೆ ಜಾಲಾಡಿದ್ದಳು. ಅಂದು ಅವಳ ಒಂದು ಉತ್ತರ ತಡವಾಗಿ ಹೋಗಿತ್ತು. ತಡಕ್ಕೆಂದು ಹುಡುಗಿಯ ಅಂಕ ಕಳೆಯುವ ಮುನ್ನ ಯಂತ್ರದ ಕರಡು ತೆರೆದಳು. ತೀರಿಕೊಂಡ ಗಂಡನ ಖಾತೆ ಮುಚ್ಚಿ ಎಂದು ಕೇಳಿದವಳಿಗೆ, “ಅವರು ಮರಳಿ ಬರುವುದನ್ನೇ ಕಾಯುತ್ತಿರುತ್ತೇವೆ” ಎಂದಿತ್ತು. ಹುಡುಗಿ ಅದನ್ನು ಅಳಿಸಿ, ಫೋನ್ ಮಾಡಿ ಮಾತಾಡಿ, ಆಮೇಲೆ ತಾನೇ ಬರೆದಿದ್ದಳು.

“ಇನ್ಮೇಲೆ ನಿಂದು ಹತ್ತರಲ್ಲಿ ಒಂದು ನೋಡಿದ್ರೆ ಸಾಕು,” ಎಂದಳು ಅಕ್ಕ ಹುಡುಗಿಗೆ. “ಅನುಮಾನ ಬಂದ್ರೆ ನೀನೇ ನನ್ನ ಹತ್ರ ತಾ.”

ಸಂಜೆ ಗಂಡ ಮತ್ತೆ ಕಾಫಿ ತಣ್ಣಗಿದೆ ಎಂದ.

“ಬಿಸಿ ಮಾಡ್ಕೊಳ್ಳಿ,” ಎಂದು ಅಕ್ಕ ಕಣ್ಣು ಮುಚ್ಚಿದಳು. “ಸರಿಯಾಗಿ ಮಾಡಿದ್ರಾ ಅಂತ ನಾನು ಬಂದು ನೋಡಲ್ಲ.”