ಮದುವೆಯ ಪ್ಲೇಲಿಸ್ಟಿನಲ್ಲಿ ಅಣ್ಣನ ಹಾಡು

ಮಗಳ ಮದುವೆಯ ಹಾಡುಗಳ ಪಟ್ಟಿ ಮಾಡಿದವಳು ನಾನು. ಅದರಲ್ಲಿ ಯಾರು ಹಾಡು ಹಾಕಬಹುದು, ಯಾರು ಬರೇ ಕೇಳಬಹುದು ಎಂದು ತೀರ್ಮಾನಿಸಿದವಳೂ ನಾನೇ. ಮೂವತ್ತು ವರ್ಷ ಮುಂಬಯಿಯ ಫೋರ್ಟಿನ ಒಂದು ಆಫೀಸಿನಲ್ಲಿ ರೆಕಾರ್ಡ್ ರೂಮಿನ ಬೀಗದ ಕೈ ಇಟ್ಟುಕೊಂಡು ಕೂತವಳು. ಕಪಾಟು ತೆರೆಯುವವರು ನನ್ನನ್ನು ಕೇಳಿಯೇ ತೆರೆಯಬೇಕು ಎಂಬ ಬುದ್ಧಿ ರಿಟೈರ್ ಆದ ಮೇಲೂ ಹೋಗಿರಲಿಲ್ಲ.

ಮೊದಲಿಗೆ ಎಲ್ಲ ಚೆನ್ನಾಗಿಯೇ ಇತ್ತು. ಭಾಂಡುಪ್‌ನ ನಮ್ಮ ಮನೆಯ ಸೋಫಾದ ಮೇಲೆ ಕೂತು ಮಗಳು ನನ್ನ ಫೋನಿನಲ್ಲಿ ಪಟ್ಟಿ ತೆರೆದುಕೊಟ್ಟಳು. ಅದರ ಲಿಂಕನ್ನು ಕಳಿಸಿದರೆ, ಒತ್ತಿದವರೆಲ್ಲ ಒಳಗೆ ಬರುತ್ತಾರೆ. ಬಂದವರು ಹಾಡು ಸೇರಿಸಬಹುದು, ತೆಗೆಯಬಹುದು, ಮೇಲೆ ಕೆಳಗೆ ಸರಿಸಬಹುದು. ಹುಡುಗನ ಮನೆಯವರು ಡೊಂಬಿವಲಿಯ ಮರಾಠಿಗರು. ಅವರ ಹಾಡೂ ಇರಲಿ, ನಮ್ಮದೂ ಇರಲಿ, ಜಗಳ ಬೇಡ ಎಂದು ಎರಡು ಕಡೆಯ ವಾಟ್ಸಾಪ್ ಗ್ರೂಪಿಗೂ ಲಿಂಕ್ ಹಾಕಿದೆವು. ಎರಡೇ ದಿನಕ್ಕೆ ನೂರಕ್ಕೂ ಮಿಕ್ಕಿ ಹಾಡು. ಯಾರು ಯಾರಿಗೋ ಲಿಂಕ್ ಕಳಿಸಿ, ಹುಡುಗನ ಕಾಲೇಜಿನ ಗೆಳೆಯರೂ ಒಳಗೆ ಬಂದು ಕುಣಿಯುವ ಹಾಡು ತುಂಬಿಸಿದರು. ಹತ್ತು ಜನ ಸೌಟು ಆಡಿಸಿದ ಸಾರಿನ ಗತಿಯೇ ಅದಕ್ಕೂ ಬಂತು. ನಾನು ಒಬ್ಬೊಬ್ಬರನ್ನೇ ಹೊರಗೆ ಹಾಕತೊಡಗಿದೆ. ಮಾಲೀಕಳಿಗೆ ಮಾತ್ರ ಆ ಅಧಿಕಾರ ಇತ್ತು. ಸುಳ್ಳು ಯಾಕೆ ಹೇಳಲಿ, ನನಗೆ ಅದು ಖುಷಿ ಕೊಡುತ್ತಿತ್ತು.

ಅಣ್ಣನೂ ಒಳಗಿದ್ದ. ಅವನಿಗೆ ಅರವತ್ತೆಂಟು. ಮದುವೆಯಾಗಲಿಲ್ಲ. ಅಮ್ಮ ಹೋದಾಗ ನನಗೆ ಹದಿನಾಲ್ಕು. ಫೋರ್ಟಿನ ಉಡುಪಿ ಹೋಟೆಲಿನ ಗಲ್ಲೆಯಲ್ಲಿ ಕೂತು ಬಿಲ್ಲಿನ ದುಡ್ಡು ಎಣಿಸಿ, ವಡಾಲದ ಒಂದೇ ಖೋಲಿಯ ಮನೆಯಲ್ಲಿ ನನ್ನನ್ನು ಓದಿಸಿ, ನನ್ನ ಮದುವೆ ಮಾಡಿದವನು ಅವನು. ಈಗಲೂ ಅದೇ ಹೋಟೆಲು, ಅದೇ ಗಲ್ಲೆ. ನಮ್ಮಲ್ಲಿ ಹುಡುಗಿಯನ್ನು ಮಂಟಪಕ್ಕೆ ಕರೆತರುವುದು ಸೋದರಮಾವ. ಅಪ್ಪ ಇದ್ದರೂ ಸರಿಯೇ, ಆ ಹೊತ್ತಿನಲ್ಲಿ ಹುಡುಗಿ ಮಾವನ ಕೈ ಹಿಡಿದೇ ಬರಬೇಕು.

ಅವನು ಪಟ್ಟಿಗೆ ಸೇರಿಸಿದ್ದು ಒಂದೇ ಹಾಡು. ಒಂದು ಶೋಭಾನೆ. ಯಾವಳೋ ಹಳೆಯ ಕಾಲದ ಹೆಂಗಸು ಹಾಡಿದ್ದು, ಬರೇ ಧ್ವನಿ, ಜೊತೆಗೆ ಒಂದು ಶ್ರುತಿಪೆಟ್ಟಿಗೆ, ಏಳು ನಿಮಿಷ. ಅದನ್ನು ತಂದು ಎಲ್ಲಕ್ಕಿಂತ ಮೇಲೆ ಇಟ್ಟಿದ್ದ. ಮರುದಿನ ನೋಡಿದರೆ ಹಾಡು ಇಲ್ಲ. ಸಂಜೆ ಮತ್ತೆ ಇದೆ, ಅದೇ ಜಾಗದಲ್ಲಿ. ಮಾರನೆಯ ದಿನ ಮತ್ತೆ ಇಲ್ಲ. ಹಾಡು ಹಾಕಿದವರ ಮುಖವನ್ನು ಆ್ಯಪ್ ಪಕ್ಕದಲ್ಲೇ ಪುಟ್ಟದಾಗಿ ತೋರಿಸುತ್ತದೆ, ಅಳಿಸಿದವರು ಯಾರು ಎಂದು ಮಾತ್ರ ಹೇಳುವುದಿಲ್ಲ. ಹಾಗಾಗಿ ಹುಡುಗರು ಅಳಿಸುತ್ತ ಹೋದರು, ಅಣ್ಣ ಹಾಕುತ್ತ ಹೋದ. ಐದು ಸಲ ಆಗಿರಬೇಕು.

ಹುಡುಗನ ಅಕ್ಕ ಫೋನ್ ಮಾಡಿದಳು. ನಗುನಗುತ್ತಲೇ ಕೇಳಿದಳು, "ಆಂಟಿ, ಯೇ ನೀಂದ್‌ವಾಲಾ ಗಾನಾ ಬಾರ್ ಬಾರ್ ಕೌನ್ ಡಾಲ್ ರಹಾ ಹೈ?"

ನಿದ್ದೆ ಬರಿಸುವ ಈ ಹಾಡನ್ನು ಮತ್ತೆ ಮತ್ತೆ ಹಾಕುತ್ತಿರುವುದು ಯಾರು ಅಂತ. ಸಿಟ್ಟು ಬರಬೇಕಾದ್ದು ಅವಳ ಮೇಲೆ. ಬಂದದ್ದು ಅಣ್ಣನ ಮೇಲೆ.

ಯಾಕೆಂದು ನನಗೆ ಗೊತ್ತು. ನನ್ನ ಮದುವೆಯ ದಿನ ಹಾರ್ಬರ್ ಲೈನಿನ ಲೋಕಲ್ ರೈಲು ನಿಂತುಹೋಗಿ, ಶೋಭಾನೆ ಹಾಡಬೇಕಿದ್ದ ಹೆಂಗಸರು ಯಾರೂ ಹಾಲ್ ತಲುಪಲಿಲ್ಲ. ಅಮ್ಮ ಇರಲಿಲ್ಲ. ಹಾಡಿಲ್ಲದೆ ತಂಗಿ ಮಂಟಪಕ್ಕೆ ಹೋಗುವುದು ಬೇಡ ಎಂದು ಅಣ್ಣ ತಾನೇ ಹಾಡತೊಡಗಿದ. ಅಮ್ಮನ ಬಾಯಿಂದ ಕೇಳಿ ಕೇಳಿ ಅವನಿಗೆ ಬರುತ್ತಿತ್ತು. ಗಂಡಸು ಶೋಭಾನೆ ಹಾಡುವುದನ್ನು ಅಲ್ಲಿ ಯಾರೂ ಕಂಡಿರಲಿಲ್ಲ. ಗಂಡಿನ ಕಡೆಯವರು ಬಾಯಿಗೆ ಸೆರಗು ಹಿಡಿದು ನಕ್ಕರು. ನಾನು ಅವನ ಕೈ ಚಿವುಟಿ, "ಸಾಕು ಅಣ್ಣ, ನಿಲ್ಸು" ಎಂದೆ. ಅವನು ಮೂರನೆಯ ನುಡಿಯ ನಡುವೆ ನಿಲ್ಲಿಸಿದ. ಅದರ ಬಗ್ಗೆ ನಾವಿಬ್ಬರೂ ಮತ್ತೆ ಯಾವತ್ತೂ ಮಾತಾಡಲಿಲ್ಲ.

ಅದೇ ಹಾಡನ್ನು ಅವನು ಈಗ ಹುಡುಕಿ ತಂದಿದ್ದ. ಈ ಸಲ ಹೆಂಗಸಿನ ಧ್ವನಿಯಲ್ಲಿ, ಯಾರೂ ನಗದ ಹಾಗೆ. ನನಗೆ ಅದು ನೋಡಿದ ಕೂಡಲೇ ಅರ್ಥವಾಗಿತ್ತು. ಅರ್ಥವಾಗಿಯೂ ನಾನು ಪಟ್ಟಿಯಲ್ಲಿರುವವರ ಹೆಸರುಗಳನ್ನು ತೆರೆದೆ, ಅಣ್ಣನ ಹೆಸರನ್ನು ಒತ್ತಿದೆ, ತೆಗೆದುಹಾಕಿದೆ. ಆಮೇಲೆ ಹಾಡನ್ನೂ ಅಳಿಸಿದೆ. ಬೆರಳು ಎರಡು ಸಲ ಆಡಿದ್ದು ಅಷ್ಟೆ. ಅವನಿಗೆ ಒಂದು ಮಾತೂ ಹೇಳಲಿಲ್ಲ.

ಆ್ಯಪೂ ಹೇಳುವುದಿಲ್ಲ. ಮತ್ತೆ ಹಾಡು ಹಾಕಲು ಹೋದಾಗ, ಸೇರಿಸಬಹುದಾದ ಪಟ್ಟಿಗಳ ಸಾಲಿನಲ್ಲಿ ನಮ್ಮ ಮದುವೆಯ ಪಟ್ಟಿ ಕಾಣದೆ ಅವನಿಗೆ ಗೊತ್ತಾಗಿದ್ದು. ಕೇಳಲು ಮಾತ್ರ ಸಿಗುತ್ತಿತ್ತು. ಅವನು ನನಗೆ ಫೋನ್ ಮಾಡಲಿಲ್ಲ. ಮಗಳಿಗೆ ಮಾಡಿ, "ಮಗಾ, ನನ್ನ ಫೋನಿಗೆ ಎಂತದೋ ಆಗಿದೆ, ಹಾಡು ಹಾಕ್ಲಿಕ್ಕೆ ಆಗುದಿಲ್ಲ" ಎಂದಿದ್ದ.

ಮಗಳು ನನ್ನ ಫೋನು ತೆಗೆದು ನೋಡಿದಳು. "ಅಮ್ಮಾ, ಮಾಮಾನ ತೆಗ್ದದ್ದು ನೀನಾ? ಅರೇ ಯಾರ್ ಅಮ್ಮಾ, ದಟ್ಸ್ ಸೋ ಮೀನ್. ನಂಗೆ ಒಂದು ಶಬ್ದ ತಿಳಿಯೂದಿಲ್ಲ ಆ ಹಾಡಲ್ಲಿ, ಬಟ್ ಮಾಮಾ ನನ್ನನ್ನು ಕರ್ಕೊಂಡ್ ಬರುವಾಗ ಮಾಮಾನ ಹಾಡೇ ಬೇಕು. ಬಾಕಿ ಯಾರು ಎಂತ ಹೇಳಿದ್ರೂ ನಾನು ನೋಡ್ಕೊಳ್ತೇನೆ."

ಕನ್ನಡದಲ್ಲಿ ಅವಳು ಅಷ್ಟು ಉದ್ದ ಮಾತಾಡಿದ್ದೇ ಅಪರೂಪ. ಅಂದೇ ಹೊಸ ಲಿಂಕ್ ತೆಗೆದು ಅಣ್ಣನೊಬ್ಬನಿಗೇ ಕಳಿಸಿದೆ. ಕೆಳಗೆ, "ತಪ್ಪಾಯಿತು. ಇದನ್ನು ಒತ್ತಿ ನಿನ್ನ ಹಾಡು ಹಾಕು" ಎಂದು ಬರೆದೆ. ಅವನು ನೋಡಿದ ಗುರುತು ಬಂತು. ಉತ್ತರ ಬರಲಿಲ್ಲ.

ದಿನಾ ಪಟ್ಟಿ ತೆರೆದು ನೋಡುತ್ತಿದ್ದೆ. ಅಣ್ಣನ ಮುಖ ಇಲ್ಲ, ಹಾಡೂ ಇಲ್ಲ. ನಾಲ್ಕು ದಿನ, ಐದು ದಿನ, ಹತ್ತು ದಿನ. ನಾನೇ ಹಾಕಬಹುದಿತ್ತು. ಆದರೆ ಮಾವ ಕೊಡುವುದು ಮಾವನ ಕೈಯಿಂದಲೇ ಬರಬೇಕು, ಸೀರೆಯಾಗಲಿ ಹಾಡಾಗಲಿ, ಅಂತ ನನ್ನಷ್ಟಕ್ಕೆ ಒಂದು ನ್ಯಾಯ ಮಾಡಿಕೊಂಡೆ. ಅದಕ್ಕಿಂತ ಹೆಚ್ಚಾಗಿ ಒಳಗೆ ಹೊಗೆಯಾಡುತ್ತಿತ್ತು: ನಾನು ತಪ್ಪಾಯಿತು ಎಂದು ಬರೆದ ಮೇಲೂ ಇವನದೇನು ಜಂಭ? ಅಣ್ಣ ಮದುವೆಯ ಕೆಲಸಕ್ಕೆಂದು ಎರಡು ಸಲ ಮನೆಗೆ ಬಂದ. ಅಡುಗೆಯವರನ್ನು ಗೊತ್ತು ಮಾಡಿದ, ಬಾಳೆ ಎಲೆ ಎಷ್ಟು ಬೇಕೆಂದು ಕೇಳಿದ. ಹಾಡಿನ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮಗಳು ಕೇಳಿದರೆ, "ಮಾಮ ಹಾಕ್ತಾನೆ ಮಾರಾಯ್ತಿ, ನೀನು ಸುಮ್ನಿರು" ಎನ್ನುತ್ತಿದ್ದೆ.

ಮದುವೆಯ ಬೆಳಿಗ್ಗೆ ಹಾಲ್‌ನ ಸ್ಪೀಕರಿಗೆ ನನ್ನ ಫೋನನ್ನೇ ಜೋಡಿಸಿದರು. ಹಿಂದುಮುಂದಾಗಿ ಬರಬಾರದೆಂದು ನಾನೇ ನಿಂತು ಪಟ್ಟಿಯ ಕ್ರಮದಲ್ಲೇ ನುಡಿಯುವ ಹಾಗೆ ಮಾಡಿಸಿದೆ. ಅಣ್ಣ ಬಿಳಿ ಪಂಚೆ ಉಟ್ಟು, ಶಲ್ಯ ಹೊದ್ದು, ಮಗಳ ಕೈ ಹಿಡಿದು ಬಾಗಿಲಿನಲ್ಲಿ ನಿಂತ. ಪಟ್ಟಿಯ ಮೊದಲನೆಯ ಹಾಡು ಶುರುವಾಯಿತು. ಯಾವುದೋ ಸಿನಿಮಾದ್ದು, ಪಿಟೀಲು, ಡ್ರಮ್ಮು. ಅಣ್ಣ ಒಂದು ಕ್ಷಣ ತಡೆದ. ಸ್ಪೀಕರಿನ ಕಡೆ ನೋಡಿದ. ಆಮೇಲೆ ಆ ಡ್ರಮ್ಮಿನ ತಾಳಕ್ಕೆ ಸಿಕ್ಕದ ತನ್ನ ನಡಿಗೆಯಲ್ಲಿ ಮೆಲ್ಲಗೆ ಮಂಟಪದವರೆಗೆ ಬಂದ. ಮಗಳು ನನ್ನನ್ನು ದುರುಗುಟ್ಟಿ ನೋಡಿದಳು. ಹುಡುಗನ ಅಕ್ಕ ಫೋನಿನಲ್ಲಿ ವಿಡಿಯೋ ತೆಗೆಯುತ್ತಿದ್ದಳು. ಧಾರೆ ಆಯಿತು. ಅಣ್ಣ ಪಂಕ್ತಿಯಲ್ಲಿ ಎಲ್ಲರಿಗೂ ಬಡಿಸಿದ, ತಾನು ಕೊನೆಗೆ ಒಂದು ಹಿಡಿ ಅನ್ನ ಉಂಡು ವಡಾಲಕ್ಕೆ ಹೋದ.

ಮೂರು ತಿಂಗಳು ನಾನು ಆ ಮಾತು ಎತ್ತಲಿಲ್ಲ. ಕೊನೆಗೆ ಪೆನ್ಶನ್ನಿನ ಕೆಲಸಕ್ಕೆ ಫೋರ್ಟಿಗೆ ಹೋದವಳು ಅಣ್ಣನ ಹೋಟೆಲಿಗೆ ಹೊಕ್ಕೆ. ಮಧ್ಯಾಹ್ನದ ಊಟದ ಗದ್ದಲ ಮುಗಿದಿತ್ತು. ಅವನು ಗಲ್ಲೆ ಬಿಟ್ಟು ನನ್ನೆದುರು ಬಂದು ಕೂತ. ಎರಡು ಕಾಫಿ ಬಂತು. ನಾನು ಕೇಳಿಯೇ ಬಿಟ್ಟೆ.

"ಅಷ್ಟು ಸಿಟ್ಟು ಎಂತಕ್ಕೆ ಅಣ್ಣ? ನಾನು ತಪ್ಪಾಯ್ತು ಅಂತ ಬರ್ದೆ ಅಲ್ವಾ. ಲಿಂಕ್ ಒತ್ಲಿಲ್ಲ ಯಾಕೆ?"

"ಒತ್ತಿದೆ" ಎಂದ.

ನಾನು ಅವನ ಮುಖ ನೋಡಿದೆ.

"ನೀನು ಕಳ್ಸಿದ್ದು ದಶಮಿಗೆ. ಅಮಾವಾಸ್ಯೆ ಹತ್ರ ಇತ್ತು. ಶೋಭಾನೆ ಅಲ್ವಾ, ಮದುವೆ ಹಾಡು, ಅಂಥ ದಿನದಲ್ಲಿ ಹಾಕುದು ಬೇಡ ಅಂತ ಕಾದೆ. ಅಮಾವಾಸ್ಯೆ ಕಳೀತು, ಪಾಡ್ಯ ಬೇಡ ಅಂದ್ಕೊಂಡೆ. ತದಿಗೆ ಶುಕ್ರವಾರ ಬಂತು. ಬೆಳಿಗ್ಗೆ ಸ್ನಾನ ಮಾಡಿ, ದೇವರಿಗೆ ದೀಪ ಇಟ್ಟು, ಒತ್ತಿದೆ. ಈ ಲಿಂಕ್ ಈಗ ನಡಿಯುದಿಲ್ಲ ಅಂತ ಬಂತು." ಲೋಟದ ಕಾಫಿಯನ್ನು ಬಟ್ಟಲಿಗೆ ಸುರಿದ, ಕುಡಿಯಲಿಲ್ಲ. "ನೀನು ಮನಸ್ಸು ಬದ್ಲಿಸಿ ಪುನಃ ಮುಚ್ಚಿದ್ದಿ ಅಂತ ತಿಳ್ಕೊಂಡೆ. ಇರ್ಲಿ, ಮಗಳ ತಾಯಿ ನೀನು. ಎರಡೆರಡು ಸಲ ಕೇಳುದು ಹೇಗೆ?"

ಬೆರಳು ಮಡಚಿ ಲೆಕ್ಕ ಹಾಕಿದೆ. ಎಂಟನೆಯ ದಿನ. ಆ ಲಿಂಕಿನ ಆಯುಸ್ಸು ಏಳೇ ದಿನ. ಆಮೇಲೆ ಅದು ತಾನಾಗಿಯೇ ಸಾಯುತ್ತದೆ, ಮತ್ತೆ ಹೊಸದು ಕಳಿಸಬೇಕು. ಮಗಳು ಮೊದಲ ದಿನವೇ ಹೇಳಿದ್ದಳು, ನಾನು ಮರೆತೇಬಿಟ್ಟಿದ್ದೆ. ಇಷ್ಟು ದಿನ ಅವನ ಜಂಭವನ್ನು ಬೈದುಕೊಂಡು ಓಡಾಡಿದ್ದೆ. ಅವನು ಸ್ನಾನ ಮಾಡಿ ದೀಪ ಹಚ್ಚಿ ಕೂತಿದ್ದ.

ಅವಸರದಲ್ಲಿ ಅವನಿಗೆ ಎಲ್ಲ ವಿವರಿಸಿದೆ. ನಾನು ಮುಚ್ಚಲಿಲ್ಲ ಅಣ್ಣ, ಅದು ಆ್ಯಪಿನ ನಿಯಮ, ಎಲ್ಲರಿಗೂ ಹಾಗೆಯೇ, ದೇವರಾಣೆ ಎಂದೆ. ನನ್ನ ಫೋನು ತೆಗೆದು ಪಟ್ಟಿ ತೋರಿಸಿದೆ. ಇಲ್ಲಿ ನೋಡು, ನನ್ನ ಹೆಸರು, ಮಾಲೀಕಳು ನಾನು, ಹೊಸ ಲಿಂಕ್ ಯಾವಾಗ ಬೇಕಾದರೂ ತೆಗೆಯಬಹುದಿತ್ತು, ನೀನು ಒಂದು ಮಾತು ಹೇಳಿದ್ದರೆ ಸಾಕಿತ್ತು ಎಂದೆ. ತಪ್ಪಿನ ಅರ್ಧವನ್ನು ಅವನ ಕಡೆಗೆ ಸರಿಸುತ್ತಿದ್ದೇನೆಂದು ಮಾತಾಡುವಾಗಲೇ ನನಗೆ ತಿಳಿಯುತ್ತಿತ್ತು.

ಅವನು ಕನ್ನಡಕ ಏರಿಸಿ ಫೋನನ್ನು ತುಂಬ ಹೊತ್ತು ನೋಡಿದ. ಹಾಡುಗಳನ್ನು ಮೇಲಿಂದ ಕೆಳಗಿನವರೆಗೆ ಸರಿಸಿದ. ಒಂದೊಂದರ ಪಕ್ಕದಲ್ಲೂ ಒಂದೊಂದು ಮುಖ. ಬಹಳಷ್ಟರ ಪಕ್ಕದಲ್ಲಿ ನನ್ನದೇ.

"ನಿಂಗೆ ಯಾವಾಗ್ಲೂ ಹಾಕ್ಲಿಕ್ಕೆ ಆಗ್ತಿತ್ತಾ?" ಎಂದು ಕೇಳಿದ.

"ಹೌದು."

"ಮದುವೆ ದಿನ ಬೆಳಿಗ್ಗೆಯೂ?"

"ಹೌದು ಅಣ್ಣ."

"ಹಾಗಾದ್ರೆ ನೀನೇ ಯಾಕೆ ಹಾಕ್ಲಿಲ್ಲ?"

ಸಿಟ್ಟಿನಿಂದ ಕೇಳಲಿಲ್ಲ. ಗಿರಾಕಿಯೊಬ್ಬನಿಗೆ ಇನ್ನೇನು ಬೇಕು ಎಂದು ಕೇಳುವಷ್ಟು ಮೆತ್ತಗೆ ಕೇಳಿದ. ಮಾವನ ಕೈಯಿಂದಲೇ ಬರಬೇಕು ಎಂಬ ನನ್ನ ನ್ಯಾಯ ನಾಲಗೆಯ ತುದಿಯವರೆಗೆ ಬಂದು ನಿಂತಿತು. ಅದು ಸುಳ್ಳೆಂದು ನನಗೆ ಗೊತ್ತಿತ್ತು. ಅವನು ಹಾಕದೇ ಇದ್ದದ್ದು ನನಗೆ ಒಳಗೊಳಗೆ ನಿರಾಳವೇ ಆಗಿತ್ತು. ಹಾಲ್‌ನಲ್ಲಿ ಆ ಹಾಡು ಬರುವುದು, ಜನ ತಿರುಗಿ ನೋಡುವುದು, ನನ್ನ ಅಣ್ಣನನ್ನು ನೋಡಿ ಯಾರಾದರೂ ನಗುವುದು ನನಗೆ ಬೇಡವಾಗಿತ್ತು.

"ಗೊತ್ತಿಲ್ಲ" ಎಂದೆ.

ಅವನು ತಲೆಯಾಡಿಸಿದ. ಫೋನನ್ನು ನನ್ನ ಕಡೆಗೆ ತಿರುಗಿಸಿ ಮೇಜಿನ ಮೇಲಿಟ್ಟ. ಅಷ್ಟರಲ್ಲಿ ಬಿಲ್ಲು ಹಿಡಿದುಕೊಂಡು ಇಬ್ಬರು ಗಿರಾಕಿಗಳು ಗಲ್ಲೆಯ ಮುಂದೆ ನಿಂತರು, ಅವನು ಎದ್ದು ಹೋದ.